ಬುಧವಾರದ ಸಹಿ

ಮೊನ್ನೆ ನಮ್ಮ ಬೀದಿಯ ಅಂಗಡಿಯಾತ ಒಂದು ಒಣ ತೆಂಗಿನಕಾಯಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಕೊಬ್ಬರಿ ಗಿಟುಕು ಲೊಡಲೊಡ ಎಂದಿತು. "ತಿಪಟೂರಿಂದು ಸಾರ್, ಕೇಳಿ ನೋಡಿ" ಎಂದು ಬೇರೆ ಹೇಳಿದ. ನನಗೆ ಕೇಳಿದ್ದು ಬೇರೆಯೇ. ಅಷ್ಟು ಬಿಸಿಲಿನಲ್ಲೂ ಕತ್ತಿನ ಹಿಂದೆ ತಣ್ಣಗಾಯಿತು, ಕೊಳ್ಳದೆ ಮನೆಗೆ ಬಂದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನ ಒಂದು ಎಣ್ಣೆ ಗಿರಣಿಯಲ್ಲಿ ಮ್ಯಾನೇಜ್‌ಮೆಂಟ್ ಟ್ರೈನಿ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಕಾರ್ಬನ್ ಹಾಳೆ ಜೋಡಿಸುವುದು. ಮೊದಲ ದಿನ ಟೈ ಕಟ್ಟಿಕೊಂಡು ಹೋಗಿ, ಎಣ್ಣೆ ಜಿಡ್ಡಿಗೆ ಅದನ್ನು ಬಲಿಕೊಟ್ಟವನು ನಾನು. ಆಫೀಸು ಇದ್ದದ್ದು ಒಬ್ಬ ಕೊಬ್ಬರಿ ವ್ಯಾಪಾರಿಯ ಹಳೆಯ ಮನೆಯಲ್ಲಿ. ಕೆಳಗಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದರೂ ಅಟ್ಟವನ್ನು ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ವರ್ಷಗಟ್ಟಲೆ ಕಾಯಿ ಒಣಗುತ್ತಿದ್ದವು. ಇಲಿ ಓಡಾಡಿದರೆ ಒಂದು ಕಾಯಿ ಉರುಳುವುದು, ಅದರ ಹಿಂದೆ ಇನ್ನೊಂದು. ನಡು ಮಧ್ಯಾಹ್ನ ತಲೆಯ ಮೇಲೆ ಯಾರೋ ನಿಧಾನವಾಗಿ ಹೆಜ್ಜೆ ಹಾಕಿದಂತೆ ಕೇಳಿಸುತ್ತಿತ್ತು.

ನನಗೆ ಕೆಲಸ ಕಲಿಸಿದವರು ಖರೀದಿ ವಿಭಾಗದ ಸದಾಶಿವಯ್ಯನವರು. ಮಾಯಸಂದ್ರದ ಕಡೆಯವರು, ಹಣೆಯ ವಿಭೂತಿ ಸಂಜೆಯಾದರೂ ಅಳಿಯುತ್ತಿರಲಿಲ್ಲ. ಖರೀದಿಯ ದಾರಿ ಅವರು ಹೇಳಿಕೊಟ್ಟಂತೆ ಬಲು ಸರಳ. ಬೇಕಾದವನು ಬೇಡಿಕೆ ಚೀಟಿ ಬರೆಯಬೇಕು. ಆಮೇಲೆ ದರ ವಿಚಾರಿಸಬೇಕು, ಆಮೇಲೆ ಆರ್ಡರ್ ಪುಸ್ತಕದಲ್ಲಿ ನಂಬರಿನ ಪ್ರಕಾರ ಹಾಳೆ ತುಂಬಬೇಕು. ಮೂಲ ಪ್ರತಿ ಮಾಲು ಕೊಡುವವನಿಗೆ, ಎರಡನೆಯದು ಲೆಕ್ಕದವರಿಗೆ, ಮೂರನೆಯದು ಪುಸ್ತಕದಲ್ಲೇ. ಮಾಲು ಬಂದಾಗ ಗೇಟಿನ ರಿಜಿಸ್ಟರಿನಲ್ಲಿ ದಾಖಲು. "ಒಂದರ ಹಿಂದೆ ಒಂದು ಬರ್ಬೇಕು ಕಣಪ್ಪ. ಹಿಂದಿಂದು ಮುಂದೆ ಬಂತು ಅಂದ್ರೆ ಎಲ್ಲೋ ಸುಳ್ಳೈತೆ ಅಂತ" ಎನ್ನುತ್ತಿದ್ದರು. ಹೀಗೆ ಹೇಳುವ ಮನುಷ್ಯನಿಗೂ ಒಂದು ಕೆಟ್ಟ ಅಭ್ಯಾಸವಿತ್ತು. ರಜೆ ಹಾಕುವ ಮುನ್ನ, ಕೆಲಸ ನಿಲ್ಲಬಾರದೆಂದು ಆರ್ಡರ್ ಪುಸ್ತಕದ ಖಾಲಿ ಹಾಳೆಗಳಿಗೆ ಸಹಿ ಮಾಡಿಟ್ಟು ಹೋಗುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಅವರಿಗೆ ಎದೆನೋವು ಕಾಣಿಸಿತು. ತುಮಕೂರಿನ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆಂದು ಮಂಗಳವಾರ ಸಂಜೆ ಎರಡು ಹಾಳೆಗೆ ಸಹಿ ಮಾಡಿ ಊರಿಗೆ ಹೋದರು. ಬುಧವಾರ ಬೆಳಕು ಹರಿಯುವ ಮೊದಲೇ ತೀರಿಕೊಂಡರು. ಆ ಹಾಳೆಗಳಲ್ಲಿ ಒಂದು ಖರ್ಚಾಯಿತು. ಇನ್ನೊಂದನ್ನು ನಮ್ಮ ಮ್ಯಾನೇಜರ್ ರುದ್ರಪ್ಪನವರು "ಇರ್ಲಿ ಬುಡ್ರಿ, ಆಪತ್ತಿಗಾಗ್ತದೆ" ಎಂದು ಹಾಗೇ ಉಳಿಸಿಕೊಂಡರು. ಪುಸ್ತಕ ಮುಂದೆ ನಡೆಯಿತು. ನಡುವೆ ಆ ಬರಿಯ ಹಾಳೆ, ಅದರ ತಳದಲ್ಲಿ ಸತ್ತವರ ಸಹಿ. ಪುಟ ಮಗುಚುವಾಗಲೆಲ್ಲ ಅದರ ಮೇಲೆ ನನ್ನ ಕಣ್ಣು ಬೀಳುತ್ತಿತ್ತು. ಏನನ್ನು ಒಪ್ಪಿಕೊಳ್ಳಬೇಕೆಂದು ಗೊತ್ತಾಗದೆ ಅದು ಕಾಯುತ್ತಿರುವಂತೆ ಅನಿಸುತ್ತಿತ್ತು.

ಯುಗಾದಿಯಾದ ಮೇಲೆ ಹೆಡ್ಡಾಫೀಸಿನಿಂದ ಸುತ್ತೋಲೆ ಬಂತು: ಇನ್ನು ಮುಂದೆ ಮೂರು ಕಡೆಯ ಕೊಟೇಶನ್ ಇಲ್ಲದೆ ದೊಡ್ಡ ಖರೀದಿ ಕೂಡದು. ಅದಾಗಿ ತಿಂಗಳಿಗೆ ಗಾಣದ ಶಾಫ್ಟು ಮುರಿಯಿತು. ಗಿರಣಿ ನಿಂತುಹೋಗಿ ಕೊಬ್ಬರಿ ಮುಗ್ಗಲು ಹಿಡಿಯತೊಡಗಿತು. ರುದ್ರಪ್ಪನವರು ಪರಿಚಯದ ವರ್ಕ್‌ಶಾಪಿನಿಂದ ಬಾಯಿಮಾತಿನಲ್ಲೇ ಹೊಸ ಶಾಫ್ಟು ತರಿಸಿ ಹಾಕಿಸಿದರು. ಅವರು ಕಳ್ಳರಲ್ಲ, ಅವಸರದವರು. ಆಡಿಟ್ ಬರುತ್ತದೆಂದು ಗೊತ್ತಾದಾಗ ನನ್ನನ್ನು ಕರೆದು ಆ ಬರಿಯ ಹಾಳೆ ತೆರೆದಿಟ್ಟರು.

"ಶಾಫ್ಟಿನ ಆರ್ಡರ್ ಇದ್ರಲ್ಲಿ ಬರೀರಿ. ಸದಾಶಿವಯ್ಯ ಇದ್ದಾಗಿನ ತಾರೀಕು ಹಾಕಿ. ಸುತ್ತೋಲೆಗೆ ಮುಂಚಿಂದಾಗ್ತದೆ."

"ಸಾರ್, ಆಗ ಶಾಫ್ಟು ಮುರಿದೇ ಇರಲಿಲ್ಲವಲ್ಲ. ಫಿಟ್ಟರ್ ಬರೆದ ಬೇಡಿಕೆ ಚೀಟಿ ಮೊನ್ನೆಯದು."

"ಅವನ್ಕೈಲಿ ಬೇರೆ ಬರೆಸಿದ್ರಾಯ್ತು. ಮಾಲು ತಡವಾಗಿ ಬಂತು ಅಂತಾರೆ, ಅಷ್ಟೇ ಕಣ್ರೀ. ಸಹಿ ಹಾಕಿದೋನು ಬಂದು ಕೇಳ್ತಾನಾ?"

ತಲೆಯ ಮೇಲೆ ಒಂದು ಕಾಯಿ ಉರುಳಿತು. ಇಬ್ಬರೂ ಮೇಲೆ ನೋಡಿದೆವು. ಮುರಿಯದ ಶಾಫ್ಟಿಗೆ ಎರಡು ತಿಂಗಳ ಮೊದಲೇ ಸತ್ತ ಮನುಷ್ಯ ಆರ್ಡರ್ ಕೊಡಬೇಕು! ಆಡಿಟರು ಕಾರಣ ಕೇಳಿದರೆ ಉತ್ತರ ಕೊಡಲು ಬಾಯಿಲ್ಲದವರ ತಲೆಗೇ ಅದು ಬರುತ್ತಿತ್ತು. ಆಗುವುದಿಲ್ಲ ಎಂದೆ. ನಡೆದದ್ದನ್ನು ನಡೆದ ಹಾಗೆ ಬರೆದು, ಇವತ್ತಿನ ತಾರೀಖು ಹಾಕಿ, ಆದ ಖರೀದಿಗೆ ಈಗ ಮಂಜೂರಾತಿ ಕೊಡಿ ಎಂದು ಹೆಡ್ಡಾಫೀಸಿಗೆ ಟಿಪ್ಪಣಿ ಕಳಿಸೋಣ ಎಂದೆ. "ನಿಮ್ಮ ನೌಕರಿ ಕಾಯಂ ಆಗೋದಕ್ಕೆ ಶಿಫಾರಸು ಬರೆಯೋನು ನಾನು. ನೆಪ್ಪಿರ್ಲಿ" ಎಂದರು ರುದ್ರಪ್ಪನವರು.

ಆ ಹಾಳೆಯ ಮೂರೂ ಪ್ರತಿಗಳಿಗೆ ಓರೆ ಗೆರೆ ಎಳೆದು 'ರದ್ದು' ಎಂದು ಬರೆದು, ಆ ದಿನದ್ದೇ ತಾರೀಖು ಹಾಕಿ, ಕೆಳಗೆ ನನ್ನ ಸಹಿ ಮಾಡಿದೆ. ಹರಿದು ಬಿಸಾಡುವಂತಿರಲಿಲ್ಲ, ನಂಬರು ತಪ್ಪುತ್ತದೆ. ಟ್ರೈನಿಗಳು ಹೆಡ್ಡಾಫೀಸಿಗೆ ವಾರಕ್ಕೊಮ್ಮೆ ಕಳಿಸಬೇಕಾಗಿದ್ದ ದಿನಚರಿಯಲ್ಲಿ ಇದನ್ನೆಲ್ಲ ಎರಡು ಪುಟ ಬರೆದೆ. ಧೀರೋದಾತ್ತ ನಾಯಕನ ಶೈಲಿ! ಈಗ ನೆನೆದರೆ ನಗು ಬರುತ್ತದೆ. ಅದನ್ನು ಓದಿ ಹೆಡ್ಡಾಫೀಸು ಖರೀದಿಗೆ ಒಂದೇ ಸಾಲಿನಲ್ಲಿ ಮಂಜೂರಾತಿ ಕೊಟ್ಟಿತು, ರುದ್ರಪ್ಪನವರಿಗೆ ಎಚ್ಚರಿಕೆ ಪತ್ರ ಬಂತು. ನನ್ನ ನೌಕರಿ ಕಾಯಂ ಆಗುವುದು ಆರು ತಿಂಗಳು ತಡವಾಯಿತು. ಅದನ್ನೂ ನಾನು ಪದಕದಂತೆ ಧರಿಸಿಕೊಂಡು ತಿರುಗಿದೆ.

ಆಗ ಒಂದು ದಿನ ಸದಾಶಿವಯ್ಯನವರ ಹೆಂಡತಿ ಗೌರಮ್ಮನವರು ಬಂದರು, ಗಂಡನ ಮೇಜಿನಲ್ಲಿ ಉಳಿದಿದ್ದ ಕನ್ನಡಕ, ಕೊಡೆ ಒಯ್ಯಲು. ಹೊರಡುವಾಗ ಹಿಂದಿರುಗಿ, "ಅವ್ರು ಕಡೇದಾಗಿ ಸೈನ್ ಹಾಕಿದ್ದು ಯಾವ್ದಾದ್ರೂ ಇದ್ರೆ ತೋರ್ಸಪ್ಪ" ಎಂದರು. ರದ್ದಾದ ಹಾಳೆ ತೋರಿಸಲು ಮನಸ್ಸಾಗದೆ ಅದರ ಹಿಂದಿನದನ್ನು ತೆರೆದೆ. ಗೋಣಿಚೀಲದ ಆರ್ಡರು. ಅವರು ಸಹಿಯನ್ನು ಬೆರಳಿಂದ ಸವರಿದರು. ಮೆಲ್ಲಗೆ ಬೆರಳು ಮೇಲೆ ಹೋಗಿ ತಾರೀಖಿನ ಹತ್ತಿರ ನಿಂತಿತು.

"ಇದು ಬುಧವಾರದ್ದು. ಅವತ್ತು ಹೊತ್ತು ಮೂಡೋಕೆ ಮುಂಚೇನೇ ಹೋದ್ರಲ್ಲಪ್ಪ."

ಅಕ್ಷರ ನನ್ನದು. ಗುರುವಾರ ಸದಾಶಿವಯ್ಯನವರನ್ನು ಮಣ್ಣು ಮಾಡಿ ಬಂದು ಕೂತಿದ್ದಾಗ ಚೀಲದವನು ಮಾಲು ತಂದು, ಆರ್ಡರ್ ಹಾಳೆಗಾಗಿ ಗೇಟಿನಲ್ಲಿ ಕಾಯುತ್ತಿದ್ದ. "ನಿನ್ನೇದು ಹಾಕ್ಬುಡ್ರಿ" ಎಂದಿದ್ದರು ರುದ್ರಪ್ಪನವರು. ಒಂದೇ ದಿನದ ಮಾತು. ಅಳುತ್ತಲೇ, ಯೋಚಿಸದೆ ಬರೆದಿದ್ದೆ. ಬರೆದದ್ದು ಮರೆತೂ ಹೋಗಿತ್ತು.

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಗೌರಮ್ಮನವರ ಮುಖದಲ್ಲಿ ಬೇರೇನೋ ಇತ್ತು. "ಚೀಲದ ಆರ್ಡ್ರು ಬಾಕಿ ಐತೆ ಅಂತ ರಾತ್ರಿಯೆಲ್ಲ ಕನವರಿಸ್ತಿದ್ರು. ಬಂದು ಮುಗಿಸೇ ಹೋದ್ರಾ? ನೀನೇನಾದ್ರೂ ಕಂಡ್ಯಾ?"

ಮ್ಯಾನೇಜರಿಗೆ ಇಲ್ಲ ಎಂದ ನನ್ನ ನಾಲಿಗೆ ಆಗ ಏಳಲಿಲ್ಲ. ಅಟ್ಟದಲ್ಲಿ ಕಾಯಿಗಳು ಒಂದರ ಹಿಂದೆ ಒಂದು ಉರುಳಿ, ನಮ್ಮ ತಲೆಯ ಮೇಲಿನಿಂದ ಬಾಗಿಲವರೆಗೂ ಹೋಗಿ ನಿಂತವು. ಗೌರಮ್ಮನವರು ಮೇಲೆ ನೋಡಿ ಕೈಮುಗಿದರು.

ಎಷ್ಟೋ ವರ್ಷಗಳ ಮೇಲೆ, ಹೋದ ವರ್ಷದ ಮದುವೆಯೊಂದರಲ್ಲಿ ಅವರ ಮಗ ಹೇಳಿದ್ದು: ಈಗಲೂ ಪ್ರತಿ ಬುಧವಾರ ಅಮ್ಮ ನಸುಕಿಗೇ ಎದ್ದು ಬಾಗಿಲು ತೆಗೆದಿಡುತ್ತಾರಂತೆ, ಆಫೀಸಿಗೆ ಹೊರಟವರು ತಿರುಗಿ ಬರಬಹುದೆಂದು. ಚಳಿಗಾಲದಲ್ಲೂ ಹೊಸ್ತಿಲಲ್ಲೇ ಕೂತಿರುತ್ತಾರಂತೆ, ಕೆಮ್ಮುತ್ತ. ಅವನು ನಗುತ್ತ ಹೇಳಿದ. ನನಗೆ ಊಟ ಸೇರಲಿಲ್ಲ.

ಕೊಬ್ಬರಿ ಕೊಳ್ಳದೆ ಬಂದ ಆ ಮಧ್ಯಾಹ್ನವೇ ಕಾಗದ ಬರೆಯಲು ಕೂತೆ. ಇಷ್ಟು ವರ್ಷ ಆ ದಿನಚರಿಯ ಎರಡು ಪುಟ ನೆನೆದು ಬೀಗಿದವನು, ಮೊದಲು ಮೇಲೆ ಆ ದಿನದ್ದೇ ತಾರೀಖು ಹಾಕಿದೆ. ಕೆಳಗೆ ಬರೆದೆ: "ಅಮ್ಮಾ, ಅವತ್ತು ಅವರು ಬರಲಿಲ್ಲ. ಬರೆದವನು ನಾನು. ಇನ್ನು ಬಾಗಿಲು ಹಾಕಿಕೊಂಡು ಮಲಗಿ."