ಎಲ್ಲರಿಗೂ ಹೋದ ಮೇಲ್

ನಮ್ಮ ಆಫೀಸಿನಲ್ಲಿ ಮೇಲ್‌ನಿಂದ ಒಬ್ಬರ ಹೆಸರು ಬಿಟ್ಟುಹೋದರೆ ಮದುವೆಗೆ ಕರೆಯದೆ ಬಿಟ್ಟಷ್ಟು ಸಿಟ್ಟು. ‘ನಾವೇನು ಲೆಕ್ಕಕ್ಕಿಲ್ಲೇನ್ರಿ?’ ಎಂದು ಮುಖ ಊದಿಸಿಕೊಂಡು ಓಡಾಡುತ್ತಾರೆ. ಅದಕ್ಕೇ ನೀರಿನ ಕ್ಯಾನ್ ಬಂದರೂ ಮೇಲ್ ಎಲ್ಲರಿಗೂ ಹೋಗುತ್ತದೆ, ಎಲ್ಲರೂ ‘ನೋಟೆಡ್’ ಎಂದು ಮತ್ತೆ ಎಲ್ಲರಿಗೂ ಕಳಿಸುತ್ತಾರೆ. ನಮ್ಮದು ಅದಿರಿನ ಕಂಪನಿ. ಗಣಿ ಸಂಡೂರಿನ ಗುಡ್ಡದ ಮೇಲೆ, ಆಫೀಸು ಹೊಸಪೇಟೆಯಲ್ಲಿ. ನಾನು ಆಫೀಸಿನಲ್ಲಿ ಸಿಬ್ಬಂದಿಯ ಹಾಜರಿ, ರಜೆ ನೋಡಿಕೊಳ್ಳುವವಳು.

ಗಣಿಯ ವೇಬ್ರಿಡ್ಜ್‌ನಲ್ಲಿ ಲಾರಿಗಳ ತೂಕ ನೋಡುತ್ತಿದ್ದವಳು ಎಮ್ಮಿಗನೂರಿನ ಹುಡುಗಿ, ಮದುವೆಯಾಗಿ ಮಲಪನಗುಡಿಗೆ ಬಂದಿದ್ದಳು. ಒಂದು ದಿನ ನನಗೂ ನಮ್ಮ ಇನ್‌ಚಾರ್ಜ್ ಸಾಹೇಬರಿಗೂ ಮೇಲ್ ಬರೆದಳು. ತಾನು ಬಸುರಿ, ಹಿಂದೆ ಎರಡು ಸಲ ಗರ್ಭ ನಿಂತಿಲ್ಲ, ಗುಡ್ಡದ ಬಸ್ಸಿನ ಕುಲುಕಾಟ ಬೇಡ ಎಂದು ಡಾಕ್ಟರು ಹೇಳಿದ್ದಾರೆ, ಸ್ವಲ್ಪ ದಿನ ಕೆಳಗಿನ ಆಫೀಸಿಗೆ ಹಾಕಿ. ಕೊನೆಗೆ ಒಂದು ಸಾಲು: ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ, ಅತ್ತೆಗೂ ಇಲ್ಲ, ದಯವಿಟ್ಟು ನಿಮ್ಮಿಬ್ಬರಲ್ಲೇ ಇರಲಿ.

ಸಾಹೇಬರು ಒಳ್ಳೆಯ ಮನುಷ್ಯ. ತಕ್ಷಣ ಒಪ್ಪಿದರು. ಬಸ್ಸಿನ ಸೀಟು ಬದಲಾಗಬೇಕು, ವೇಬ್ರಿಡ್ಜ್‌ಗೆ ಬೇರೆಯವರು ಬೇಕು. ಹೊಸ ಮೇಲ್‌ನಲ್ಲಿ ಅಷ್ಟೇ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅವರು ಅವಳ ಮೇಲ್‌ಗೇ ಉತ್ತರ ಬರೆದು, ಸಾರಿಗೆಯವರು, ಸೆಕ್ಯುರಿಟಿ, ಕ್ಯಾಂಟೀನು, ಸ್ಟೋರು, ಹೊರಗಿನ ಬಸ್ ಕಂಟ್ರಾಕ್ಟರು, ಯಾರಿಗೂ ಬೇಸರವಾಗದಂತೆ ಎಲ್ಲರನ್ನೂ ಸೇರಿಸಿ ಕಳಿಸಿಬಿಟ್ಟರು. ಅವಳು ಬರೆದದ್ದೆಲ್ಲ ಕೆಳಗೆ ಹಾಗೇ ತೂಗುತ್ತಿತ್ತು.

‘ನೋಟೆಡ್.’ ‘ಕಂಗ್ರಾಜುಲೇಶನ್ಸ್ ಮೇಡಂ.’ ‘ದೇವರು ಒಳ್ಳೇದು ಮಾಡಲಿ.’ ಟಿಣ್ ಟಿಣ್ ಎಂದು ಬರುತ್ತಲೇ ಇದ್ದವು. ಅಯ್ಯೋ ಶಿವನೇ ಎಂದು ಸಾಹೇಬರ ಕೋಣೆಗೆ ಓಡಿದೆ. ಅವರು ಆಗಲೇ ಮೇಲ್ ವಾಪಸ್ ಪಡೆಯುವ ಗುಂಡಿ ಒತ್ತಿ ನೋಡಿದ್ದರು. ಓದಿದವರ ತಲೆಯಿಂದ ಅದು ವಾಪಸ್ ಬರುತ್ತದೆಯೇ? ಹೊರಗಿನ ಕಂಟ್ರಾಕ್ಟರನ ಮೇಲ್ ಪೆಟ್ಟಿಗೆಗಂತೂ ನಮ್ಮ ಗುಂಡಿಯ ಕೈ ಎಟಕುವುದೇ ಇಲ್ಲ.

‘ಯಾರೂ ಉತ್ತರ ಕೊಡಬ್ಯಾಡ್ರಿ, ಗುಟ್ಟಿನ ವಿಷಯ ಅಂತ ಎಲ್ಲರಿಗೂ ಒಂದು ಹಾಕ್ಲೇನು?’ ಎಂದರು.

‘ಬ್ಯಾಡ್ರಿ ಸರ್! ಓದದವರೂ ಓದ್ತಾರ. ಇನ್ನ ಇದು ಮೇಲ್‌ನಾಗ ಬ್ಯಾಡ. ಒಬ್ಬೊಬ್ಬರಿಗೆ ಫೋನ್ ಮಾಡೋಣ.’

ಹೆಸರು ಹಂಚಿಕೊಂಡು ಕೂತೆವು. ‘ಆ ಮೇಲ್ ಅಳಿಸ್ರಿ, ಯಾರ ಮುಂದೂ ಆಡಬ್ಯಾಡ್ರಿ’ ಎಂದು ಬೇಡಿಕೊಂಡೆವು. ಎಲ್ಲರೂ ಹೂಂ ಎಂದರು. ರಜೆಯ ಮೇಲೆ ಊರಿಗೆ ಹೋಗಿದ್ದ ಸ್ಟೋರಿನವರೊಬ್ಬರು ಮಾತ್ರ ಸಿಗಲಿಲ್ಲ. ಆಮೇಲೆ ನೋಡಿದರಾಯಿತು ಎಂದುಕೊಂಡೆವು. ಆದರೆ ಬಸ್ ಕಂಟ್ರಾಕ್ಟರನ ಗುಮಾಸ್ತ ಮಲಪನಗುಡಿಯವನೇ. ಸಂಜೆಯೊಳಗೆ ಸುದ್ದಿ ಅತ್ತೆಯ ಕಿವಿಗೆ ಬಿದ್ದಿತ್ತು.

ಮರುದಿನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು.

‘ಇಬ್ಬರಿಗೇ ಬರ್ದಿದ್ನಲ್ರಿ, ಅಕ್ಕಾ?’

ಕೋಣೆಯಿಂದ ಹೊರಬಂದ ಸಾಹೇಬರು ಕೈ ಮುಗಿದರು. ‘ಇರ್ಲಿ ಬಿಡ್ರಿ ಸರ್’ ಎಂದಳು. ಅಂದಿನಿಂದ ಕ್ಯಾಂಟೀನಿನಲ್ಲಿ ಒಬ್ಬರು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುವರು, ಒಬ್ಬರು ಹುಣಸೆಹಣ್ಣು ತಂದು ಕೊಡುವರು. ಪ್ರೀತಿಯೇ ಅದು, ಇಲ್ಲವೆನ್ನಲಾರೆ. ಅವಳು ಮಾತ್ರ ಸಾಲಗಾರಳಂತೆ ತಲೆ ತಗ್ಗಿಸಿ ತಿನ್ನುತ್ತಿದ್ದಳು.

ಆ ಸಲವೂ ನಿಲ್ಲಲಿಲ್ಲ. ಬಸ್ಸು ಹತ್ತಿರಲಿಲ್ಲ, ಭಾರ ಎತ್ತಿರಲಿಲ್ಲ, ಆದರೂ ನಿಲ್ಲಲಿಲ್ಲ. ಈ ಬಾರಿ ಸಾಹೇಬರು ಮೇಲ್ ಮುಟ್ಟದೆ ನನ್ನ ಹತ್ತಿರವೇ ನಡೆದು ಬಂದು, ‘ಬರೇ ರಜೆ ಅಂತ ಹಾಕಮ್ಮ, ಕಾರಣ ಬ್ಯಾಡ’ ಎಂದು ಮೆಲ್ಲಗೆ ಹೇಳಿದರು. ನಾನು ಹೊಸಪೇಟೆಯ ಆಸ್ಪತ್ರೆಗೆ ಹೋದೆ. ಅತ್ತೆ ಬಾಗಿಲ ಹೊರಗೆ ಕೂತು ಬಂದವರಿಗೆಲ್ಲ ಈ ಸಲವೂ ನಿಲ್ಲದ ಕಥೆ ಹೇಳುತ್ತಿದ್ದರು. ಒಳಗೆ ಅವಳು ಸೂರು ನೋಡುತ್ತ ಮಲಗಿದ್ದಳು. ನಾನು ಮೂಸಂಬಿ ಸುಲಿಯುತ್ತ ಕೂತೆ.

ಅವಳ ಫೋನ್ ಟಿಣ್ ಎಂದಿತು. ನನ್ನದೂ ಟಿಣ್ ಎಂದಿತು. ರಜೆ ಮುಗಿಸಿ ಬಂದ ಸ್ಟೋರಿನವರು ಹಳೆಯ ಮೇಲ್‌ಗಳನ್ನೆಲ್ಲ ತೆರೆದು ಓದುತ್ತ, ಅದಕ್ಕೂ ಎಲ್ಲರಿಗೂ ಉತ್ತರ ಹಾಕಿದ್ದರು: ‘ಸಿಹಿ ಸುದ್ದಿ ಕೇಳಿ ಭಾಳ ಖುಷಿ ಆತು ಮೇಡಂ. ಪೇಡೆ ಯಾವಾಗ?’

ನಾವೇ ಮರೆತಿದ್ದ ಹೆಸರು. ಯಾರನ್ನು ಬೈಯಲಿ? ಫೋನ್ ಮಾಡುತ್ತೇನೆಂದು ನಾನು ಎದ್ದೆ. ‘ಕುಂದ್ರಿ ಅಕ್ಕಾ’ ಎಂದಳು. ‘ಪಾಪ, ಅವರಿಗೇನು ಗೊತ್ತು.’

ಸೂಜಿ ಚುಚ್ಚಿದ್ದ ಕೈಯಲ್ಲೇ ಏನೋ ಟೈಪು ಮಾಡಿದಳು. ಮತ್ತೆ ಟಿಣ್ ಎನ್ನುವುದೆಂದು ನನ್ನ ಫೋನನ್ನೇ ನೋಡುತ್ತ ಕೂತೆ. ಏನೂ ಬರಲಿಲ್ಲ. ಅವಳ ಫೋನ್ ಕಡೆ ಬಗ್ಗಿ ನೋಡಿದೆ. ನಮ್ಮೆಲ್ಲರ ಹೆಸರು ತೆಗೆದುಹಾಕಿ, ಕೆಳಗಿನ ಬರಹವನ್ನೆಲ್ಲ ಅಳಿಸಿ, ಅವರೊಬ್ಬರಿಗೇ ಬರೆದಿದ್ದಳು: ‘ಥ್ಯಾಂಕ್ಯೂ ಸರ್.’