ಎಂಟೂವರೆ ಲಕ್ಷದ ಹಳ್ಳ

ನನಗೆ ಸಿಟ್ಟು ಬೇಗ. ನಮ್ಮ ಲೆಕ್ಕಪತ್ರ ನೋಡುವ ಗಂಗಣ್ಣನಿಗೆ ಸಿಟ್ಟೇ ಬರುವುದಿಲ್ಲ, ಅದಕ್ಕೇ ಅವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ವಯಸ್ಸು ಅರವತ್ತರ ಹತ್ತಿರ. ದಿನಾ ನಲ್ಲೂರಿನಿಂದ ಹಳೇ ಟಿವಿಎಸ್‌ನಲ್ಲಿ ಹೊಸಕೋಟೆಯ ನಮ್ಮ ಶೆಡ್ಡಿಗೆ ಬರುತ್ತಾರೆ. ಎದುರಿಗೆ ಯಾರಾದರೂ ಇದ್ದರೆ ನನ್ನನ್ನು ‘ಸಾರ್’ ಅನ್ನುತ್ತಾರೆ, ಇಬ್ಬರೇ ಇದ್ದಾಗ ‘ಏನಪ್ಪಾ ಆನಂದ’ ಅನ್ನುತ್ತಾರೆ. ಮೊದಲು ಊರಿನ ಹಾಲಿನ ಡೈರಿಯಲ್ಲಿ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. ಕಂಪ್ಯೂಟರ್ ಬರುತ್ತದೆ, ಆದರೆ ಯೋಚನೆ ಮಾಡಬೇಕಾದಾಗ ಪೆನ್ಸಿಲ್ ಹುಡುಕುತ್ತಾರೆ.

ನಮ್ಮದು ಚಿಕ್ಕ ಕಂಪನಿ. ಕೋಲ್ಡ್ ಸ್ಟೋರೇಜ್ ಕೋಣೆಗಳಲ್ಲಿ ಒಂದು ಸೆನ್ಸರ್ ಪೆಟ್ಟಿಗೆ ಕೂರಿಸುತ್ತೇವೆ. ಒಳಗಿನ ತಂಪು ಹೆಚ್ಚುಕಮ್ಮಿಯಾದರೆ ಅದು ಮಾಲೀಕರ ಫೋನಿಗೆ ತಿಳಿಸುತ್ತದೆ. ಹಳೇ ಗಿರಾಕಿಗಳಿಂದ ಬರುವುದು ಬಾಡಿಗೆಗೆ, ನಮ್ಮ ಸಂಬಳಕ್ಕೆ ಸರಿಹೋಗುತ್ತಿತ್ತು. ಬ್ಯಾಂಕಿನಲ್ಲಿ ಐದು ಲಕ್ಷವಿತ್ತು, ಅಷ್ಟೇ.

ಹಾಗಿರುವಾಗ ಹಳೇ ಮದ್ರಾಸು ರಸ್ತೆಯ ದೊಡ್ಡ ಗೋದಾಮು ಕಂಪನಿಯಿಂದ ಕರೆ ಬಂತು. ಮೂರು ವರ್ಷದ ಅಗ್ರಿಮೆಂಟು. ಮೊದಲ ವರ್ಷ ನೂರು ಕೋಣೆ, ಎರಡನೇ ವರ್ಷ ಇನ್ನೂರು, ಮೂರನೇ ವರ್ಷ ಮುನ್ನೂರು. ಕೋಣೆಗೆ ವರ್ಷಕ್ಕೆ ಹನ್ನೆರಡು ಸಾವಿರ. ಅಂದರೆ ಹನ್ನೆರಡು ಲಕ್ಷ, ಇಪ್ಪತ್ತನಾಲ್ಕು, ಮೂವತ್ತಾರು. ಒಟ್ಟು ಎಪ್ಪತ್ತೆರಡು. ಆ ದಿನ ನಾನು ಎರಡು ಸಲ ಕಾಫಿ ಕುಡಿದೆ.

ದುಡ್ಡು ಪಡೆಯುವುದಕ್ಕೆ ಎರಡು ದಾರಿ ಕೊಟ್ಟಿದ್ದರು. ಕೆಲಸ ಮಾಡಿ, ಮೂರು ತಿಂಗಳು ಮುಗಿದ ಮೇಲೆ ಬಿಲ್ಲು ಹಾಕುವುದು, ಬಿಲ್ಲು ಹಾಕಿದ ನಲವತ್ತೈದು ದಿನಕ್ಕೆ ದುಡ್ಡು. ಅದಾದರೆ ಪೂರ್ತಿ ಎಪ್ಪತ್ತೆರಡು. ಇಲ್ಲವೇ ಪ್ರತಿ ವರ್ಷದ ಮೊದಲ ದಿನವೇ ಇಡೀ ವರ್ಷದ ಮುಂಗಡ. ಆದರೆ ಅದಕ್ಕೆ ನೂರಕ್ಕೆ ಐದು ರೂಪಾಯಿ ಬಿಡಬೇಕು. ಮೂರು ಲಕ್ಷ ಅರವತ್ತು ಸಾವಿರ ಸುಮ್ಮನೆ ಬಿಡುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ? ಮೊದಲನೆಯದಕ್ಕೆ ಸಹಿ ಹಾಕುವುದೆಂದು ತೀರ್ಮಾನಿಸಿದೆ. ಈ ಕೆಲಸಕ್ಕೆಂದೇ ಬೀರೇಶ್, ಅಮರ್ ಎಂಬ ಇಬ್ಬರು ಹುಡುಗರಿಗೆ ಮಾತೂ ಕೊಟ್ಟೆ. ಬೀರೇಶ್ ಅವತ್ತೇ ಹಳೇ ಕೆಲಸ ಬಿಟ್ಟು ಬಂದ.

ಗಂಗಣ್ಣ ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಮೇಜಿನ ಮೇಲೆ ಹಾಸಿದರು.

“ಏನಪ್ಪಾ ಆನಂದ, ನಂಗೊಂದು ಹೇಳು. ಪೆಟ್ಟಿಗೆ ಯಾವಾಗ ತರ್ತೀಯ?”

“ಮೊದಲ್ನೇ ದಿನಾನೇ. ನೂರು ಪೆಟ್ಟಿಗೆ, ಐದು ಸಾವ್ರದಂತೆ ಐದು ಲಕ್ಷ.”

“ಹುಡುಗರ ಸಂಬಳ, ಪೆಟ್ರೋಲು, ಸಿಮ್ಮು?”

“ತಿಂಗ್ಳಿಗೆ ಐವತ್ತು ಸಾವ್ರ. ಯಾಕೆ, ವರ್ಷಕ್ಕೆ ಹನ್ನೊಂದು ಖರ್ಚು, ಹನ್ನೆರಡು ಬರ್ತದೆ. ಲಾಭಾನೇ ಅಲ್ವಾ?”

“ಲಾಭ ಹೌದು. ದುಡ್ಡು ಯಾವಾಗ ಬರ್ತದೆ?”

ಅವರು ಗೀಟು ಎಳೆದರು. ಮೊದಲ ದಿನ ಐದು ಲಕ್ಷ ಹೋಯಿತು. ಮೂರು ತಿಂಗಳಿಗೆ ಬಿಲ್ಲು, ನಾಲ್ಕೂವರೆ ತಿಂಗಳಿಗೆ ದುಡ್ಡು. ಅಷ್ಟರಲ್ಲಿ ಕೈಯಿಂದ ಹೋಗಿರುವುದು ಏಳೂಕಾಲು ಲಕ್ಷ. ನಮ್ಮ ಹತ್ತಿರ ಇದ್ದದ್ದು ಐದು. ಜಿಎಸ್‌ಟಿ ಬೇರೆ, ಬಿಲ್ಲು ಹಾಕಿದ ಮುಂದಿನ ತಿಂಗಳೇ ಕಟ್ಟಬೇಕು, ದುಡ್ಡು ಬಂದಿರಲಿ ಬಿಡಲಿ.

“ಮೊದಲ್ನೇ ವರ್ಷ ಹೆಂಗೋ ದಾಟ್ಕೊಂಬುಡ್ತೀವಿ ಬಿಡಿ,” ಅಂದೆ.

“ದಾಟ್ದೆ ಅನ್ಕೋ. ಎರಡನೇ ವರ್ಷ ಇನ್ನೂ ನೂರು ಪೆಟ್ಟಿಗೆ. ತಿಂಗ್ಳ ಖರ್ಚು ಒಂದು ಲಕ್ಷ. ಆದ್ರೆ ಆಗ ಕೈಗೆ ಬರೋದು ಹಳೇ ನೂರು ಕೋಣೆ ಬಿಲ್ಲು, ಮೂರೇ ಲಕ್ಷ.” ಗೀಟು ಇನ್ನೂ ಕೆಳಗಿಳಿಯಿತು. “ಇಲ್ಲಿ ನೋಡು. ಬಂದಿದ್ದೆಲ್ಲ ಕಳ್ದ್ರೂ ಎಂಟೂವರೆ ಲಕ್ಷದ ಹಳ್ಳ. ಕೆಲ್ಸ ಬೆಳ್ದಷ್ಟೂ ಹಳ್ಳ ಆಳ ಆಯ್ತು.”

ಹಿಂದೊಮ್ಮೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಅಡಮಾನಕ್ಕೆ ಏನಿದೆ ಎಂದು ಕೇಳಿ ವಾಪಸು ಕಳಿಸಿಬಿಟ್ಟಿದ್ದರು. ಸಂಬಳ ನಿಂತರೆ ಬೀರೇಶ್ ಬೀದಿಗೆ ಬೀಳುತ್ತಾನೆ, ಪೆಟ್ಟಿಗೆ ನೋಡಿಕೊಳ್ಳುವವರಿಲ್ಲದೆ ಅಗ್ರಿಮೆಂಟು ಮುರಿಯುತ್ತದೆ, ಅದರ ಹಿಂದೆಯೇ ನಮ್ಮ ಶೆಡ್ಡಿಗೂ ಬೀಗ. ನನಗೆ ನಿಜವಾಗಿ ಭಯವಾಯಿತು.

“ನಿಮಗಿದೆಲ್ಲ ಎಲ್ಲಿಂದ ಗೊತ್ತು?” ಅಂದೆ.

“ನಮ್ಮನೇಲೇ ಕಲ್ತಿದ್ದು,” ಅಂದರು. ಡೈರಿಯಲ್ಲಿ ಹಾಲಿನ ದುಡ್ಡು ಹದಿನೈದು ದಿನಕ್ಕೊಮ್ಮೆ ಬಟವಾಡೆ. ಹಾಲಿಗೆ ಬೆಲೆ ಚೆನ್ನಾಗಿದ್ದ ಒಂದು ವರ್ಷ ಹೆಂಡತಿ ಅಮ್ಮಯಮ್ಮ ಬೇಡ ಬೇಡ ಅಂದರೂ ಕೇಳದೆ ಒಂದೇ ಸಲಕ್ಕೆ ನಾಲ್ಕು ಹಸು ತಂದರಂತೆ. ಹಾಲು ಚೆನ್ನಾಗಿಯೇ ಕರೆದವು. ಆದರೆ ಬೂಸಾ, ಹಿಂಡಿಗೆ ಅಂಗಡಿಯವನು ಅವತ್ತವತ್ತೇ ದುಡ್ಡು ಕೇಳಿದ. ಎರಡು ಬಟವಾಡೆ ತಡವಾಯಿತು. ಹಾಲು ಕೊಡುತ್ತಿದ್ದ ಎರಡು ಹಸುಗಳನ್ನು ಮೂರು ಕಾಸಿಗೆ ಮಾರಿದರು. “ಬತ್ತಿದ ಹಸೂನ ಮಾರಿದ್ರೆ ಇಷ್ಟು ಹೊಟ್ಟೆ ಉರೀತಿರ್ಲಿಲ್ಲ ಕಣಪ್ಪ,” ಅಂದರು. ಡೈರಿಯ ಲೆಕ್ಕ ಬರೆಯುವವನ ಮನೆಯಲ್ಲೇ ಹೀಗಾಯಿತಲ್ಲ ಎಂದು ಊರವರು ಬಹಳ ದಿನ ಆಡಿಕೊಂಡರಂತೆ.

ಮಾರನೇ ದಿನ ಗೋದಾಮಿನ ಆಫೀಸಿಗೆ ಇಬ್ಬರೂ ಹೋದೆವು. ಖರೀದಿ ನೋಡುವ ಸುನಿಲ್‌ಕುಮಾರ್ ಒಳ್ಳೆಯ ಮನುಷ್ಯ. ನಮ್ಮ ಕಷ್ಟ ಕೇಳಿ, “ಒಂದು ಕೆಲ್ಸ ಮಾಡೋಣ. ಮೊದಲ್ನೇ ವರ್ಷ ಮುಂಗಡ ತಗೊಳ್ಳಿ, ಐದು ಪರ್ಸೆಂಟ್ ಆ ವರ್ಷಕ್ಕೆ ಮಾತ್ರ ಬಿಡಿ. ಆಮೇಲೆ ಮೂರು ತಿಂಗ್ಳ ಬಿಲ್ಲು,” ಅಂದರು.

ನಾನು ಕೈ ಕುಲುಕಲು ಎದ್ದೇಬಿಟ್ಟೆ. ಮೇಜಿನ ಕೆಳಗೆ ಗಂಗಣ್ಣ ನನ್ನ ಕಾಲು ತುಳಿದರು.

“ಸಾರ್, ಮೊದಲ್ನೇ ವರ್ಷದ ಮುಂಗಡ ಮೊದಲ್ನೇ ವರ್ಷಕ್ಕೇ ಖರ್ಚಾಗೋಯ್ತದೆ,” ಅಂದರು, ನನಗಲ್ಲ, ಅವರಿಗೆ. “ಎರಡನೇ ವರ್ಷ ಹಳೇ ಬಿಲ್ಲೂ ಬರಾಂಗಿಲ್ಲ, ಹೊಸ ದುಡ್ಡಿಗೂ ನಾಲ್ಕೂವರೆ ತಿಂಗ್ಳು ಕಾಯ್ಬೇಕು. ಹಳ್ಳ ಒಂಬತ್ತು ದಾಟ್ತದೆ. ಮೂರು ವರ್ಷಕ್ಕೂ ಮುಂಗಡ ಕೊಡಿ, ಮೂರು ವರ್ಷಕ್ಕೂ ಐದು ಪರ್ಸೆಂಟ್ ಬಿಡ್ತೀವಿ. ನಿಮ್ಮ ಕೋಣೆ ತಂಪಾಗಿರ್ಬೇಕಾದ್ರೆ ನಮ್ಮ ಹುಡುಗರ ಸಂಬಳ ನಿಲ್ಲಬಾರ್ದು.”

ಸುನಿಲ್‌ಕುಮಾರ್ ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದರು. ಹೊರಗೆ ಬಂದವನೇ ಬಾಯಿಗೆ ಬಂದಂತೆ ಬೈದೆ. ಕೈಗೆ ಬಂದದ್ದನ್ನು ಹಾಳು ಮಾಡಿದಿರಿ, ಹಸು ಕಟ್ಟಿಕೊಂಡು ಮನೆಯಲ್ಲೇ ಇರಬೇಕಿತ್ತು ಅಂದೆ. ಅವರು ಹೆಲ್ಮೆಟ್ ಹಾಕಿಕೊಂಡು ಟಿವಿಎಸ್ ಒದ್ದು ಸ್ಟಾರ್ಟ್ ಮಾಡಿದರು. ಆ ಮಾತು ಆಡಬಾರದಿತ್ತು, ಈಗಲೂ ನೆನೆದರೆ ಮುಜುಗರವಾಗುತ್ತದೆ.

ಮೂರನೇ ದಿನ ಮೇಲ್ ಬಂತು. ಒಪ್ಪಿದ್ದರು. ಅವರ ಕಂಪನಿಯಲ್ಲಿ ದುಡ್ಡು ಕೊಳೆಯುತ್ತಿತ್ತು, ಐದು ಪರ್ಸೆಂಟ್ ಉಳಿಸಿದ ಹೆಸರು ಸುನಿಲ್‌ಕುಮಾರ್‌ಗೆ ಬಂತು. ಮೊದಲ ದಿನ ಹನ್ನೊಂದು ಲಕ್ಷ ನಲವತ್ತು ಸಾವಿರ ಬಂತು. ವರ್ಷದ ಕೊನೆಗೆ ಅದರಲ್ಲಿ ಉಳಿದದ್ದು ನಲವತ್ತೇ ಸಾವಿರ, ಆದರೆ ನಮ್ಮ ಹಳೇ ಐದು ಲಕ್ಷ ಮುಟ್ಟಿರಲಿಲ್ಲ. ಬೀರೇಶನ ಸಂಬಳ ಒಂದು ದಿನವೂ ತಡವಾಗಲಿಲ್ಲ. ಈ ಏಪ್ರಿಲ್ ಒಂದಕ್ಕೆ ಎರಡನೇ ವರ್ಷದ ಇಪ್ಪತ್ತೆರಡು ಲಕ್ಷ ಎಂಬತ್ತು ಸಾವಿರ ಬಂತು.

ಅವತ್ತು ಸಂಜೆ ಗಂಗಣ್ಣ ನನ್ನ ಮೇಜಿನ ಮುಂದೆ ಬಂದು ನಿಂತರು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಏನೂ ಕೇಳಿದವರಲ್ಲ.

“ಮೂರು ತಿಂಗ್ಳ ಸಂಬಳ ಮುಂಗಡ ಬೇಕಾಗಿತ್ತಪ್ಪ. ಅಮ್ಮಯಮ್ಮ ಕುಂದಾಣದಲ್ಲಿ ಒಂದು ಹಸು ನೋಡವ್ಳೆ. ಈ ಸಲ ಒಂದೇ. ಮೇವು ಮೊದಲು, ಹಸು ಆಮೇಲೆ.”

“ಮುಂಗಡ ಅಂದ್ರೆ ಐದು ಪರ್ಸೆಂಟ್ ಬಿಡ್ಬೇಕಾಗ್ತದೆ, ಗೊತ್ತಲ್ಲ?” ಅಂದೆ.

“ಬಿಡ್ತೀನಿ, ಅದ್ಕೇನು,” ಅಂದರು, ಒಂಚೂರೂ ನಗದೆ.

ಪೂರ್ತಿ ದುಡ್ಡು ಎಣಿಸಿ ಅವರ ಕೈಗಿಟ್ಟು, ಅವತ್ತು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಯಾವ ಮಾತು ಅಂದರು. ಈಗ ದಿನಾ ಬೆಳಿಗ್ಗೆ ನಮ್ಮ ಶೆಡ್ಡಿಗೆ ನಲ್ಲೂರಿನಿಂದ ಒಂದು ಲೀಟರ್ ಹಾಲು ಬರುತ್ತದೆ, ಅದರ ದುಡ್ಡನ್ನು ನಾನು ತಿಂಗಳ ಮೊದಲ ದಿನವೇ ಅಮ್ಮಯಮ್ಮನವರಿಗೆ ಕಳಿಸಿಬಿಡುತ್ತೇನೆ.