ರಸ್ತೆಯಾಚೆ ನಿಂತವರ ಕಣ್ಣೆತ್ತರ

ಇನ್ನೂ ಕಟ್ಟದ ಕಟ್ಟಡಗಳ ಚಿತ್ರ ತೆಗೆಯುವುದು ನನ್ನ ಉದ್ಯೋಗ. ಇಲ್ಲದ ಕಟ್ಟಡ, ಅದರ ಮೇಲೆ ಇಲ್ಲದ ಬಿಸಿಲು, ಮುಂದೆ ಇಲ್ಲದ ಗಿಡ. ಇಷ್ಟೆಲ್ಲ ಸುಳ್ಳು ಹೇಳಿ ಸಂಬಳ ತೆಗೆದುಕೊಳ್ಳುವವನು ಒಂದು ವಿಷಯದಲ್ಲಾದರೂ ಸತ್ಯವಂತನಾಗಿರಬೇಕು ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೆ. ಆ ಒಂದು ವಿಷಯವೆಂದರೆ ಕಣ್ಣೆತ್ತರ. ನೋಡುವವನು ಎಲ್ಲಿ ನಿಂತಿದ್ದಾನೆ, ಅವನ ಕಣ್ಣು ನೆಲದಿಂದ ಎಷ್ಟು ಮೇಲಿದೆ ಎಂಬುದು ಸರಿಯಾಗಿದ್ದರೆ ಉಳಿದ ಸುಳ್ಳುಗಳನ್ನು ಜನ ತಾವಾಗಿಯೇ ಕ್ಷಮಿಸುತ್ತಾರೆ.

ನಾನು ವಿಜಯಪುರದಿಂದ ಪುಣೆಗೆ ಬಂದ ಕಾಲದಲ್ಲಿ ಇದನ್ನೆಲ್ಲ ಹಲಗೆಯ ಮೇಲೆ ಕೈಯಿಂದ ಮಾಡುತ್ತಿದ್ದೆವು. ಕಾಗದಕ್ಕೆ ಅಡ್ಡಲಾಗಿ ಒಂದು ಗೆರೆ: ಅದೇ ಕಣ್ಣಿನ ಮಟ್ಟ. ಆ ಗೆರೆಯ ಎಡಕ್ಕೊಂದು, ಬಲಕ್ಕೊಂದು ಬಿಂದು. ಕಟ್ಟಡದ ಒಂದು ಮಗ್ಗುಲಿನ ಅಡ್ಡಗೆರೆಗಳೆಲ್ಲ ಎಡದ ಬಿಂದುವಿಗೆ, ಇನ್ನೊಂದು ಮಗ್ಗುಲಿನವು ಬಲದ ಬಿಂದುವಿಗೆ ಓಡುತ್ತವೆ. ಕಂಬ, ಗೋಡೆಯ ಅಂಚು ಮಾತ್ರ ಎಲ್ಲಿಗೂ ಓಡದೆ ನೆಟ್ಟಗೆ ನಿಲ್ಲುತ್ತವೆ. ಬಿಂದುಗಳು ಎಷ್ಟೋ ಸಲ ಹಲಗೆಯ ಆಚೆ ಬೀಳುತ್ತಿದ್ದವು. ನನ್ನ ಬಲದ ಬಿಂದು ಬಹುಕಾಲ ಪಕ್ಕದ ಮೇಜಿನ ಹೆಡ್ ಡ್ರಾಫ್ಟ್ಸ್‌ಮನ್ನರ ಚಹಾದ ಬಸಿಯ ಹತ್ತಿರ ಇತ್ತು. ಅವರು ಬಸಿ ಎತ್ತಿದರೆ ಬಿಂದುವಿಗೆ ಚುಚ್ಚಿದ ನನ್ನ ಟಾಚಣಿ, ಅಂದರೆ ಗುಂಡುಸೂಜಿ, ಕಿತ್ತು, ಅದಕ್ಕೆ ಕಟ್ಟಿದ ದಾರ ಸಡಿಲಾಗಿ, ಒಂದು ಬಂಗಲೆ ಕುಸಿಯುತ್ತಿತ್ತು.

ಆ ದಿನಗಳಲ್ಲಿ ನಾನು ಊಟ ಮಾಡುತ್ತಿದ್ದದ್ದು ಸ್ವಾರಗೇಟದ ಹತ್ತಿರ ಒಂದು ಮೂಲೆಯ ಹೋಟೆಲಿನಲ್ಲಿ. ಕುಂದಾಪುರ ಕಡೆಯ ದಂಪತಿ ನಡೆಸುತ್ತಿದ್ದರು. ಯಜಮಾನರು ಗಲ್ಲೆಯ ಮೇಲೆ, ಅಂದರೆ ಬಾಗಿಲ ಪಕ್ಕದ ಹಣದ ಮೇಜಿನ ಹಿಂದಿನ ಎತ್ತರದ ಕುರ್ಚಿಯ ಮೇಲೆ, ಬೆಳಗಿನಿಂದ ಕೂತಿರುತ್ತಿದ್ದರು. ನಾನು ಸಾರು ಎರಡನೇ ಸಲ ಕೇಳಿದರೆ ಒಳಗೆ ಕೂಗಿ ಹೇಳುತ್ತಿದ್ದರು: "ವಿಜಾಪುರದವ್ರಿಗೆ ಸಾರು ಹಾಕಿ, ಪಾಪ, ಇವರ ಊರಲ್ಲಿ ನೀರಿಲ್ಲ!" ಹತ್ತಿಪ್ಪತ್ತು ಜನರ ಎದುರು ಆಗುತ್ತಿದ್ದ ಆ ಅವಮಾನಕ್ಕಾಗಿ ಈಗ ನಾನು ಏನು ಬೇಕಾದರೂ ಕೊಟ್ಟೇನು. ಯಜಮಾನರು ತೀರಿಹೋದರು. ಸೋರುತ್ತಿದ್ದ ಹಳೆಯ ಕಟ್ಟಡವನ್ನೂ ಕೆಡವಿದರು. ಯಜಮಾನರ ಹೆಂಡತಿ ಅಮ್ಮಾವರು ಮಗನ ಜೊತೆ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಜಾಗ ಹಿಡಿದು ಅಲ್ಲೇ ಇಡ್ಲಿ ಬೇಯಿಸುತ್ತ, ಹೊಸ ಕಟ್ಟಡಕ್ಕಾಗಿ ನಮ್ಮ ಕಚೇರಿಗೆ ಬಂದರು.

ಕಚೇರಿಯ ಒಡತಿ ಬೆಂಗಳೂರಿನ ಆರ್ಕಿಟೆಕ್ಟ್. ವಯಸ್ಸಿನಲ್ಲಿ ನನ್ನ ಮಗಳಂಥವರು, ನನ್ನನ್ನು ಅಂಕಲ್ ಎನ್ನುತ್ತಾರೆ. ನಾನು ಮೇಡಂ ಎಂದು ಕರೆದು ಸೇಡು ತೀರಿಸಿಕೊಳ್ಳುತ್ತೇನೆ. ಅವರ ವಿನ್ಯಾಸದಲ್ಲಿ ಹೋಟೆಲಿನ ನೆಲ ರಸ್ತೆಗಿಂತ ಮೂರಡಿ ಮೇಲೆ, ಮಳೆನೀರು ನುಗ್ಗಬಾರದೆಂದು. ಜಗಲಿಯ ಅಂಚಿಗೆ ಉದ್ದಕ್ಕೂ ಗಿಡದ ತೊಟ್ಟಿ, ಗಿಡ ಸೇರಿ ನಾಲ್ಕು ಅಡಿ, ಧೂಳು ಒಳಗೆ ಬರಬಾರದೆಂದು. ಒಳಗೆ ಗಲ್ಲೆ ಹಳೆಯ ಜಾಗದಲ್ಲೇ. ಅಮ್ಮಾವರು ಮುಂಭಾಗ ಒಪ್ಪಿದರೆ ಮರುವಾರವೇ ತೊಟ್ಟಿಯ ಕಾಂಕ್ರೀಟು ಕೆಲಸ ಶುರು.

ಈಗ ಇದೆಲ್ಲ ಕಂಪ್ಯೂಟರಿನೊಳಗೆ: ಕಟ್ಟಡದ ಮಾದರಿ ಮಾಡಿ, ಅದರೆದುರು ಒಂದು ಇಲ್ಲದ ಕ್ಯಾಮೆರಾ ಇಟ್ಟು ಚಿತ್ರ ತೆಗೆಯುವುದು. ಮೊದಲ ಚಿತ್ರವನ್ನು ಪರದೆಯ ಮೇಲೆ ತೋರಿಸಿದೆವು. ಮಗ ಮೆಚ್ಚಿ "ಕಡಕ್ ಆಗಿದೆ" ಎಂದ. ಅಮ್ಮಾವರು ಕನ್ನಡಕ ಒರೆಸಿ ನೋಡಿದರು, ತೆಗೆದು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

"ಚಂದ ಉಂಟು. ಗಲ್ಲೆಯೂ ಕಾಣ್ತದೆ. ಆದ್ರೆ ಮಾರಾಯ್ರೆ, ಇದ್ರಲ್ಲಿ ನಾನು ಎಲ್ಲಿ ನಿಂತದ್ದು?"

"ರಸ್ತಾದ ಆ ಕಡೆ ರೀ, ಅಮ್ಮಾರ. ಎದುರಿನ ಫುಟ್‌ಪಾತ್ ಮ್ಯಾಲೆ," ಎಂದೆ.

"ಅಲ್ಲಿಂದ ಹೀಗೆ ಕಾಣೋದಿಲ್ಲ. ನಾನು ಮುವ್ವತ್ತು ವರ್ಷ ಅಲ್ಲಿ ನಿಂತವಳು. ಇದು ಬಸ್ಸಿನೊಳಗೆ ನಿಂತು ಕಿಟಕಿಯಿಂದ ನೋಡಿದ ಹಾಗೆ ಉಂಟು."

ಮಗ ನಕ್ಕ. ಮೇಡಂ "ಆಂಟಿ, ಕ್ಯಾಮೆರಾ ಕರೆಕ್ಟಾಗಿ ಐದು ಕಾಲಡಿಗೇ ಇಟ್ಟಿದೀವಿ, ನಾರ್ಮಲ್ ಐ ಲೆವೆಲ್" ಎಂದರು. ನಾನು ನಗಲಿಲ್ಲ. ಅವರೆಲ್ಲ ಚಹಾಕ್ಕೆ ಎದ್ದ ಮೇಲೆ ಚಿತ್ರದ ಮೇಲೆ ಕಣ್ಣಿನ ಮಟ್ಟದ ಗೆರೆ ಎಳೆದು ನೋಡಿದೆ. ಸಮನೆಲದಲ್ಲಿ ನಿಂತ ಜನ ಹತ್ತಿರವಿರಲಿ ದೂರವಿರಲಿ, ನೋಡುವವನಷ್ಟೇ ಎತ್ತರದವರಾದರೆ ಅವರ ಕಣ್ಣು ಆ ಗೆರೆಯ ಮೇಲೆಯೇ ಬರಬೇಕು. ನಮ್ಮ ಚಿತ್ರದಲ್ಲಿ ಜಗಲಿಯ ಮೇಲೆ ನಿಂತ ಗಿರಾಕಿಗಳ ಕಣ್ಣು ಸರಿಯಾಗಿ ಗೆರೆಯ ಮೇಲಿತ್ತು. ರಸ್ತೆಯಲ್ಲಿ ನಡೆಯುವವರ ತಲೆಗಳೆಲ್ಲ ಗೆರೆಯ ಕೆಳಗೆ, ಬಾವಿಯಲ್ಲಿದ್ದಂತೆ.

ಕಾರಣ ಸರಳ. ಮಾದರಿಯಲ್ಲಿ ಸೊನ್ನೆಯ ಮಟ್ಟವೆಂದು ಹಿಡಿದದ್ದು ಹೋಟೆಲಿನ ನೆಲವನ್ನು. ನಮ್ಮ ಕಸುಬಿನಲ್ಲಿ ಅದೇ ರೂಢಿ. ಕ್ಯಾಮೆರಾ ಐದು ಕಾಲಡಿ ಅಂದರೆ ಆ ನೆಲದಿಂದ ಐದು ಕಾಲಡಿ. ರಸ್ತೆಯಿಂದ ಎಂಟಡಿಯ ಮೇಲೆ. ಅಮ್ಮಾವರನ್ನು ನಾವು ವಿನಯಪೂರ್ವಕವಾಗಿ ಗಾಳಿಯಲ್ಲಿ ನಿಲ್ಲಿಸಿದ್ದೆವು. ಸಾಲದ್ದಕ್ಕೆ ಮೇಲಿನ ಮಹಡಿ ಚಿತ್ರದೊಳಗೆ ಬರಲೆಂದು ಯಾರೋ ಕ್ಯಾಮೆರಾದ ಮುಖವನ್ನು ತುಸು ಮೇಲಕ್ಕೆತ್ತಿದ್ದರು. ಅದರಿಂದ ಕಂಬಗಳು ಮೇಲೆ ಹೋಗುತ್ತ ಒಂದಕ್ಕೊಂದು ವಾಲಿ, ಕಟ್ಟಡ ಹಿಂದಕ್ಕೆ ಒರಗಿದಂತಿತ್ತು.

"ಮೇಡಂ, ಅಮ್ಮಾವರು ಹೇಳಿದ್ದು ಖರೆ ಅದ," ಎಂದೆ. ಗೆರೆ ತೋರಿಸಿದೆ. ಅವರು ನೋಡಿ, ಹಣೆಗೆ ಕೈ ಬಡಿದುಕೊಂಡು, "ಅಯ್ಯೋ, ಲೆವೆಲ್ಲು ನಾನೇ ಸೆಟ್ ಮಾಡಿದ್ದು" ಎಂದರು.

ಮರುದಿನ ಮಧ್ಯಾಹ್ನ ಅಮ್ಮಾವರ ಜೊತೆ ಆ ಫುಟ್‌ಪಾತಿಗೆ ಹೋದೆ. ಎದುರಿಗೆ ಹಳೆಯ ಹೋಟೆಲಿನ ಜಾಗದಲ್ಲಿ ನೀಲಿ ತಗಡಿನ ಬೇಲಿ.

"ನೀವು ದಿನಾ ಎಲ್ಲಿ ನಿಂದರ್ತಿದ್ರಿ, ತೋರಸ್ರಿ ಅಮ್ಮಾರ."

ಅವರು ಯೋಚಿಸಲೇ ಇಲ್ಲ. ಲೈಟಿನ ಕಂಬದ ಪಕ್ಕ ಹೋಗಿ, ಸೆರಗು ಬಲಗೈಯಲ್ಲಿ ಹಿಡಿದು, ಬಸ್ಸು ಬರುವ ದಿಕ್ಕಿಗೆ ತಲೆ ತಿರುಗಿಸಿ ನಿಂತರು. ನಾನು ಟೇಪು ಬಿಚ್ಚಿ ನೆಲದಿಂದ ಅವರ ಕಣ್ಣಿನವರೆಗೆ ಅಳೆದೆ. ಒಬ್ಬ ರಿಕ್ಷಾದವನು ನಿಧಾನ ಮಾಡಿ, "ಕಾಯ್ ಕಾಕಾ, ಕಪಡೆ ಶಿವಣಾರ ಕಾ?" ಎಂದು, ನಾನು ದರ್ಜಿಯೋ ಎಂದು ವಿಚಾರಿಸಿ ಹೋದ.

"ನಾಕು ಅಡಿ ಎಂಟು ಇಂಚು," ಎಂದೆ.

"ಅವರು ಹೇಳ್ತಿದ್ರು, ನಿನ್ನ ನೋಡ್ಬೇಕಾದ್ರೆ ಗಲ್ಲೆಯಿಂದ ಬಗ್ಗಬೇಕು ಅಂತ." ಅಮ್ಮಾವರು ತಗಡಿನ ಕಡೆಯೇ ನೋಡುತ್ತಿದ್ದರು. "ಮಧ್ಯಾಹ್ನ ನಾನು ಮನೆಯಿಂದ ಬಂದು ಇಲ್ಲಿ ನಿಂತ್ರೆ ಅವರು ಅಲ್ಲಿಂದ ಕೈ ಎತ್ತುವರು. ದಾಟಬೇಡ, ನಿಲ್ಲು, ಅಂತ. ಗಿರಾಕಿಗಳನ್ನು ಬಿಟ್ಟು ಇಳಿದು ಬಂದು ನನ್ನ ದಾಟಿಸಿಕೊಂಡು ಹೋಗುವರು. ನನಗೇನು ದಾಟ್ಲಿಕ್ಕೆ ಬರೋದಿಲ್ವಾ? ಸುಮ್ಮನೆ ನಿಲ್ತಿದ್ದೆ."

ಸೆರಗು ಬಿಟ್ಟು ನನ್ನ ಕಡೆ ತಿರುಗಿ ಹೇಳಿದರು: "ಇನ್ನು ಯಾರೂ ಕೈ ಎತ್ತೋದು ಬೇಡ. ಇಲ್ಲಿ ನಿಂತ್ರೆ ಆ ಗಲ್ಲೆ ಕಂಡ್ರೆ ಸಾಕು. ಅಷ್ಟು ನೋಡಿ ಹೇಳಿ ನನಗೆ."

ಕಚೇರಿಗೆ ಬಂದು ಅವರ ನಾಲ್ಕು ಅಡಿ ಎಂಟು ಇಂಚಿಗೆ ಫುಟ್‌ಪಾತಿನ ಅರ್ಧ ಅಡಿ ಕೂಡಿಸಿದೆ, ಈ ಸಲ ರಸ್ತೆಯಿಂದ ಎಣಿಸಿ. ಕ್ಯಾಮೆರಾವನ್ನು ಲೈಟಿನ ಕಂಬದ ಪಕ್ಕ ಇಟ್ಟೆ. ಅದು ನೋಡುವ ಗುರಿಯನ್ನೂ ಅಷ್ಟೇ ಎತ್ತರಕ್ಕೆ ಇಳಿಸಿದೆ. ಆಗ ದೃಷ್ಟಿ ನೆಲಕ್ಕೆ ಸಮನಾಗಿ, ಕಂಬಗಳು ನೆಟ್ಟಗಾದವು. ಮೇಲಿನ ಮಹಡಿ ಚಿತ್ರದಿಂದ ಹೊರಗೆ ಹೋಯಿತು. ಅದಕ್ಕೆ ಕ್ಯಾಮೆರಾದ ಮುಖ ಎತ್ತದೆ, ಲೆನ್ಸನ್ನು ಮಾತ್ರ ಇದ್ದಲ್ಲೇ ಮೇಲಕ್ಕೆ ಸರಿಸುವ ಉಪಾಯವಿದೆ. ಹಳೆಯ ಕಾಲದ ಕರಿಬಟ್ಟೆಯೊಳಗೆ ತಲೆ ತೂರಿಸುವ ಫೋಟೋದವರು ಇದನ್ನೇ ಮಾಡುತ್ತಿದ್ದರು. ಮಹಡಿ ಮರಳಿ ಬಂತು, ಕಂಬಗಳು ಅಲುಗಲಿಲ್ಲ.

ಚಿತ್ರ ತಯಾರಾಯಿತು. ಅಷ್ಟು ನಂಬಿಗಸ್ತ ಚಿತ್ರವನ್ನು ನಾನು ಅದುವರೆಗೆ ಮಾಡಿರಲಿಲ್ಲ. ರಸ್ತೆ ರಸ್ತೆಯಂತಿತ್ತು, ಜಗಲಿ ಏರಿ ಹೋಗುವಷ್ಟು ಎತ್ತರದಲ್ಲಿತ್ತು. ಗಲ್ಲೆ ಇರಲಿಲ್ಲ. ಅದರ ಜಾಗದಲ್ಲಿ ಗಿಡದ ತೊಟ್ಟಿ, ತೊಟ್ಟಿಯ ಮೇಲೆ ಎಲೆ. ಎಂಟಡಿಯ ಕಣ್ಣು ಎಲೆಗಳ ಮೇಲಿನಿಂದ ಇಳಿದು ಒಳಗೆ ನೋಡುತ್ತಿತ್ತು. ಅಮ್ಮಾವರ ಕಣ್ಣು ಎಲೆಗಳ ಕೆಳಗಿತ್ತು.

ಮೇಡಂ ನನ್ನ ಹಿಂದೆ ಬಂದು ನಿಂತರು.

"ಹಳೆ ವ್ಯೂ ತೋರಿಸಿದ್ರೆ ಅವರು ಓಕೆ ಅಂತಾರೆ, ಅಲ್ವಾ ಅಂಕಲ್?"

"ಅಂತಾರ್ರಿ. ಆಮ್ಯಾಲೆ ಕಟ್ಟಡ ಆದ ಮ್ಯಾಲೆ ಒಂದಿನ ಆ ಕಂಬದ ಬಾಜೂಕ ಹೋಗಿ ನಿಂದರ್ತಾರ."

ಅವರು ಕುರ್ಚಿ ಎಳೆದುಕೊಂಡು ಕೂತು, "ತೊಟ್ಟಿ ಇಲ್ದೆ ಮುಂಭಾಗ ಬೋಳು ಕಾಣತ್ತೆ" ಎಂದರು. ಆಮೇಲೆ, "ಪೂರ್ತಿ ಬೇಡ. ಎಲ್ಲಿ ಅಡ್ಡ ಬರತ್ತೋ ಅಲ್ಲಿ ಕಟ್ ಮಾಡೋಣ" ಎಂದರು. ಅಮ್ಮಾವರ ಕಣ್ಣಿನಿಂದ ಗಲ್ಲೆಯ ಎರಡು ಅಂಚುಗಳಿಗೆ ಎರಡು ಗೆರೆ ಎಳೆದೆವು. ಆ ಗೆರೆಗಳು ತೊಟ್ಟಿಯನ್ನು ದಾಟುವ ಕಡೆ ಮೇಡಂ ಅದನ್ನು ತುಂಡರಿಸಿ, ಸಂದಿಗೆ ತೆಳ್ಳನೆಯ ಕಬ್ಬಿಣದ ಕಂಬಿಗಳನ್ನಷ್ಟೇ ಇಟ್ಟರು. ಆ ಸಂದಿಯನ್ನು ಯಾಕೆ ಅಲ್ಲಿಯೇ ಬಿಟ್ಟಿದೆ ಎಂದು ಇನ್ನು ಮುಂದೆ ಯಾವ ಗಿರಾಕಿಗೂ ತಿಳಿಯುವುದಿಲ್ಲ.

ಕೊನೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಯ ಹಲಗೆಗೆ ಚುಚ್ಚಿದ್ದರು, ಎಲ್ಲರೂ ಚುಚ್ಚುವಂತೆ ಎತ್ತರದಲ್ಲಿ. ಅಮ್ಮಾವರು ಬರುವ ಮೊದಲು ನಾನು ಅದನ್ನು ಕಿತ್ತು, ಚಿತ್ರದ ಕಣ್ಣಿನ ಗೆರೆ ನೆಲದಿಂದ ನಾಲ್ಕು ಅಡಿ ಎಂಟು ಇಂಚಿಗೆ ಬರುವಂತೆ ಕೆಳಗೆ ಚುಚ್ಚಿದೆ. ಚಿತ್ರದಲ್ಲಿ ಗಲ್ಲೆಯ ಕುರ್ಚಿಯ ಮೇಲೆ ಯಾರನ್ನಾದರೂ ಕೂರಿಸೋಣವೆಂದು ಹುಡುಕಿದ್ದೆ. ಚಿತ್ರಕ್ಕೆ ಅಂಟಿಸಲೆಂದು ಕಂಪ್ಯೂಟರಿನಲ್ಲಿ ಸಿಗುವ ಜನಭಂಡಾರದಲ್ಲಿ ಇರುವವರೆಲ್ಲ ಕೋಟು ಹಾಕಿ ಕೈಯಲ್ಲಿ ಕಾಫಿ ಹಿಡಿದು ಎಲ್ಲಿಗೋ ಅವಸರದಲ್ಲಿ ಹೋಗುವ ಪರದೇಶದವರು. ಯಜಮಾನರ ಹಾಗೆ ಬಿಳಿ ಅರ್ಧತೋಳಿನ ಅಂಗಿಯಲ್ಲಿ ಸುಮ್ಮನೆ ಕೂತವರು ಒಬ್ಬರೂ ಸಿಗಲಿಲ್ಲ. ಕುರ್ಚಿಯನ್ನು ಖಾಲಿ ಬಿಟ್ಟೆ.

ಅಮ್ಮಾವರು ಚಿತ್ರದ ಮುಂದೆ ನಿಂತರು. ಅವರ ಕೈ ತಾನಾಗಿ ಸೆರಗು ಹಿಡಿಯಿತು. ಬಹಳ ಹೊತ್ತು ನೋಡಿದರು.

"ಹೌದು. ಇಲ್ಲೇ ನಾನು ನಿಲ್ಲುವುದು," ಎಂದರು. ಮತ್ತೆ ನೋಡಿದರು. "ಮಾಡಿ, ಕಟ್ಟಿಸಿ. ಆದ್ರೆ ಒಂದು ಕಮ್ಮಿ ಆಯ್ತು."

"ಏನ್ರಿ ಅಮ್ಮಾರ?"

"ರಸ್ತೆ ಖಾಲಿ ಉಂಟಲ್ಲ ಮಾರಾಯ್ರೆ. ಒಂದು ಗಾಡಿ ಇಲ್ಲ. ಇಷ್ಟು ಖಾಲಿ ಇದ್ರೆ ನಾನೇ ದಾಟಿ ಹೋಗ್ತೇನೆ."

ಅವರು ಹೋದ ಮೇಲೆ ಕೂತು ರಸ್ತೆಗೆ ಗಾಡಿಗಳನ್ನು ಹಾಕಿದೆ. ಎರಡು ರಿಕ್ಷಾ, ಸ್ಕೂಟರುಗಳು, ಎಡಗಡೆಯಿಂದ ಆಗಷ್ಟೇ ಮೂತಿ ತೂರಿಸುತ್ತಿರುವ ಒಂದು ಬಸ್ಸು. ದಾಟಲು ಧೈರ್ಯ ಸಾಲದಷ್ಟು ಹಾಕಿದೆ. ಗಲ್ಲೆಗೆ ಮಾತ್ರ ಯಾವುದೂ ಅಡ್ಡ ಬರದಂತೆ, ಒಂದೊಂದನ್ನೂ ಅಷ್ಟಷ್ಟು ಆಚೀಚೆ ಸರಿಸುತ್ತ ಬಹಳ ಹೊತ್ತು ಕೂತಿದ್ದೆ.